ನಿರ್ದೇಶಕರ ಸಭೆಗೆ ನಾಲ್ಕೇ ಅಂಕಿ: ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ನನ್ನ ಅನುಭವ

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ತಿಂಗಳಿಗೊಮ್ಮೆ ನಿರ್ದೇಶಕರ ಸಭೆ. ಬರುವವರು ಬೆಳೆಗಾರರು ಮತ್ತು ದಲಾಲರು. ಮೆಣಸಿನಕಾಯಿ ಕೈಯಲ್ಲಿ ಹಿಡಿದರೆ ಸಾಕು, ಹಸಿ ಎಷ್ಟಿದೆ ಎಂದು ಹೇಳುವವರು. ಕಂಪ್ರೆಸರ್ ಒತ್ತಡ, ಎಣ್ಣೆಯ ಬಿಸಿ, ಇವೆಲ್ಲ ಅವರ ತಲೆನೋವಲ್ಲ.

ಎಂಜಿನ್ ರೂಮಿನ ಲಾಗ್‌ಬುಕ್‌ನಲ್ಲಿ ಬರೆಯುವ ಅಂಕಿಗಳು ಬಹಳ. ಅವುಗಳಲ್ಲಿ ಸಭೆಗೆ ಯಾವುದು ಹೋಗಬೇಕು ಎಂದು ಆರಿಸಲು ಒಂದೇ ಪ್ರಶ್ನೆ ಇಟ್ಟುಕೊಂಡೆ: ಇದು ಮಿತಿ ದಾಟಿ ಹಾಳೆಯಲ್ಲಿ ಕೆಂಪಾದರೆ ಸಭೆಯಲ್ಲಿ ಕೂತವರು ಏನು ನಿರ್ಧಾರ ಮಾಡಬಹುದು? ಒತ್ತಡ ಏರಿದರೆ ಆಪರೇಟರ್ ಆಗಲೇ ನೋಡಬೇಕು, ಸಭೆಯವರೆಗೆ ಕಾಯುವಂತಿಲ್ಲ. ಹಾಗಾಗಿ ಅದು ಹೊರಗೆ. ಕೊನೆಗೆ ಉಳಿದದ್ದು ನಾಲ್ಕು: ಚೇಂಬರ್ ಬಿಸಿಯಾದ ಗಂಟೆಗಳು, ಕರೆಂಟ್ ಖರ್ಚು, ತುಂಬಿದ ಜಾಗ, ಅಮೋನಿಯಾ ಸುರಕ್ಷತೆಯ ಬಾಕಿ ಕೆಲಸ.

ಹೆಚ್ಚು ಯೋಚಿಸಬೇಕಾದದ್ದು ಮೊದಲನೆಯದಕ್ಕೆ. ನಮ್ಮಲ್ಲಿ ಒಣಮೆಣಸಿನಕಾಯಿಯನ್ನು 4ರಿಂದ 8 ಡಿಗ್ರಿಯೊಳಗೆ ಇಡುತ್ತೇವೆ. ತಿಂಗಳ ಸರಾಸರಿ ತೋರಿಸುವುದು ಸುಲಭ, ಆದರೆ ಸರಾಸರಿ ಮುಚ್ಚಿಡುತ್ತದೆ. ಒಂದಿಡೀ ದಿನ 11 ಡಿಗ್ರಿಗೆ ಹೋದರೂ ತಿಂಗಳ ಸರಾಸರಿ ಆರರ ಹತ್ತಿರವೇ ನಿಲ್ಲುತ್ತದೆ. ಅತಿ ಹೆಚ್ಚಿನ ಉಷ್ಣತೆ ತೋರಿಸಿದರೆ ತದ್ವಿರುದ್ಧ ತೊಂದರೆ. ಬಾಗಿಲು ತೆರೆದಾಗಲೆಲ್ಲ ಗಾಳಿ ಸ್ವಲ್ಪ ಹೊತ್ತು ಬಿಸಿಯಾಗುತ್ತದೆ, ಚೀಲದೊಳಗಿನ ಕಾಯಿ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಅದಕ್ಕೇ 8 ಡಿಗ್ರಿ ದಾಟಿ ಎರಡು ಗಂಟೆಗಿಂತ ಜಾಸ್ತಿ ಹಾಗೇ ಇದ್ದ ಹೊತ್ತನ್ನು ಮಾತ್ರ ಕೂಡಿಸಿದೆ. ನಿಜವಾದ ಅಪಾಯ ಅಲ್ಲೇ ಇರುವುದು. ಹೊರಗಿನ ತೇವದ ಗಾಳಿ ನುಗ್ಗಿ ತಣ್ಣನೆಯ ಚೀಲದ ಮೇಲೆ ನೀರು ಕೂತರೆ ಬೂಜು ಹಿಡಿಯುತ್ತದೆ.

ಮಿತಿ ಎಷ್ಟಿಡಬೇಕು? ಅಂದಾಜಿಗೆ ಇಡಲಿಲ್ಲ. ಹಿಂದಿನ ವರ್ಷದ ಲಾಗ್ ತೆಗೆದು ಬೇರೆ ಬೇರೆ ಮಿತಿ ಹಾಕಿ ನೋಡಿದೆ. 3 ಗಂಟೆ ಎಂದರೆ ಹೆಚ್ಚುಕಡಿಮೆ ಎಲ್ಲ ತಿಂಗಳೂ ಕೆಂಪು. 30 ಎಂದರೆ ಬೂಜಿನ ದೂರು ಬಂದ ತಿಂಗಳೂ ಹಸಿರು. 6 ದಾಟಿದರೆ ಹಳದಿ, 12 ದಾಟಿದರೆ ಕೆಂಪು ಎಂದಾಗ ದೂರಿನ ತಿಂಗಳುಗಳೇ ಕೆಂಪಾದವು. ಹಳದಿ ನನ್ನ ಕೆಲಸ, ಕೆಂಪು ಸಭೆಯ ಕೆಲಸ. ಇದನ್ನು ಸಭೆಯ ನಡಾವಳಿಯಲ್ಲಿ ಬರೆಸಿದೆವು. ಇನ್ನು ಠರಾವು ಇಲ್ಲದೆ ಮಿತಿ ಬದಲಾಗುವುದಿಲ್ಲ.

ಎಕ್ಸೆಲ್‌ನಲ್ಲಿ ಸೂತ್ರ ಇಷ್ಟೇ, B2 ಎಂದರೆ ಆ ಚೇಂಬರ್ ಬಿಸಿಯಾದ ಗಂಟೆಗಳು:

```
=IF(B2="","ಮಾಹಿತಿ ಇಲ್ಲ",IF(B2>12,"ನಿರ್ಧಾರ ಬೇಕು",IF(B2>6,"ಗಮನಿಸಿ","ಸರಿ")))
```

ಮೊದಲ ತುಂಡನ್ನು ಬಿಡಲೇಬಾರದು. ಅದು ಇಲ್ಲದಿದ್ದರೆ ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ ಎಂದು ಓದುತ್ತದೆ. ಸೆನ್ಸರ್ ಕೆಟ್ಟು ಅಂಕಿ ಬಾರದ ಚೇಂಬರ್ ಹಸಿರಾಗಿ ಕಾಣುತ್ತದೆ. ಬಣ್ಣದ ಜೊತೆ ಮಾತನ್ನೂ ಬರೆಯುವುದಕ್ಕೆ ಕಾರಣವಿದೆ. ಒಬ್ಬ ನಿರ್ದೇಶಕರಿಗೆ ಕೆಂಪು, ಹಸಿರು ಬೇರೆಯಾಗಿ ಕಾಣುವುದಿಲ್ಲ, ಜೆರಾಕ್ಸ್ ಪ್ರತಿಯಲ್ಲಿ ಯಾರಿಗೂ ಕಾಣುವುದಿಲ್ಲ.

ಉಳಿದವುಗಳಿಗೆ ಇದೇ ಅಳತೆ ಹೊಂದುವುದಿಲ್ಲ. ಅಮೋನಿಯಾ ಕೆಲಸಕ್ಕೆ ಹಳದಿಯೇ ಇಲ್ಲ. ಸೇಫ್ಟಿ ವಾಲ್ವ್ ತಪಾಸಣೆ ಒಂದು ಬಾಕಿ ಇದ್ದರೂ ಕೆಂಪು. ಕರೆಂಟ್ ಯೂನಿಟ್ಟನ್ನು ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಬೇಸಿಗೆಯಲ್ಲಿ ಸುಮ್ನೆ ಗಾಬರಿ, ಹಾಗಾಗಿ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸುತ್ತೇನೆ. ಹೊಸ ಮಾಲು ತುಂಬುವ ತಿಂಗಳುಗಳಲ್ಲಿ ಆ ಅಂಕಿಗೆ ಕೆಂಪು, ಹಸಿರು ಹಾಕದೆ ಬೂದು ಬಣ್ಣದಲ್ಲೇ ಬಿಡುತ್ತೇನೆ. ಬಿಸಿ ಚೀಲ ತಣಿಸಲು ಕರೆಂಟ್ ಬೇಕೇ ಬೇಕು, ಅಲ್ವಾ?

ಮೇ ತಿಂಗಳ ಹಾಳೆಯಲ್ಲಿ 3ನೇ ಚೇಂಬರ್ 19 ಗಂಟೆ ತೋರಿಸಿತು. ಅಂಕಿಯ ಕೆಳಗೆ ಎರಡೇ ಸಾಲು ಬರೆದಿದ್ದೆ: "ಬಹುಪಾಲು ಮಧ್ಯಾಹ್ನ, ಮಾಲು ಹೊರತೆಗೆಯುವಾಗ. ಬಾಗಿಲಿನ ರಬ್ಬರ್ ಗಟ್ಟಿಯಾಗಿದೆ." ಕರೆಂಟ್ ಹೋದದ್ದೇ ಕಾರಣ ಇರಬೇಕು ಎಂದು ಹಲವರು ಅಂದುಕೊಂಡಿದ್ದರು. ಬಾಗಿಲಿನ ರಿಜಿಸ್ಟರ್ ಮತ್ತು ಜನರೇಟರ್ ಲಾಗ್ ಎರಡನ್ನೂ ಎದುರಿಗಿಟ್ಟು, ಬಿಸಿಯಾದ ಹೊತ್ತು ಬಾಗಿಲು ತೆರೆದ ಹೊತ್ತಿಗೆ ಹೊಂದುತ್ತದೆ ಎಂದು ತೋರಿಸಿದೆ.

ಹಿರಿಯ ನಿರ್ದೇಶಕರೊಬ್ಬರು ಕೇಳಿದರು, "ರಬ್ಬರ್ ಹಾಕಿದ್ರ ಮುಗೀತೇನ್ರಿ?"

"ಅರ್ಧ ಮುಗೀತದ್ರಿ. ಉಳಿದರ್ಧ ನಿಮ್ಮ ಕೈಯಾಗ ಐತಿ," ಎಂದೆ.

ರಬ್ಬರ್ ಹಾಕಿಸುವುದು ನನ್ನ ಕೈಯಲ್ಲಿದೆ. ವ್ಯಾಪಾರಿಗಳು ಇಂಥ ಹೊತ್ತಿಗೇ ಮಾಲು ಒಯ್ಯಬೇಕು ಎಂದು ಹೇಳಲು ನನಗೆ ಅಧಿಕಾರವಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ 11ರೊಳಗೆ ಮಾತ್ರ ಮಾಲು ಹೊರಗೆ ಎಂದು ಸಭೆಯೇ ತೀರ್ಮಾನಿಸಿತು. ಜೂನ್ ಹಾಳೆಯಲ್ಲಿ ಅದೇ ಚೇಂಬರ್ 5 ಗಂಟೆಗೆ ಇಳಿದಿತ್ತು. ಜೂನ್‌ನಲ್ಲಿ ಮಳೆ ಬಂದು ಹೊರಗೂ ತಂಪಾಗಿತ್ತು. ಆದ್ದರಿಂದ ಇಳಿದದ್ದೆಲ್ಲ ನಿರ್ಧಾರದ ಫಲ ಎನ್ನಲಾಗದು ಎಂದೂ ಅಲ್ಲೇ ಬರೆದೆ. ಮುಂದಿನ ಮೇ ತಿಂಗಳ ಜೊತೆ ಹೋಲಿಸಬೇಕು.

ಈ ಹಾಳೆಗೂ ಒಂದು ಕೊರತೆ ಇದ್ದೇ ಇದೆ. ಸೆನ್ಸರ್ ಅಳೆಯುವುದು ಗಾಳಿಯನ್ನು, ಒಟ್ಟಿದ ಚೀಲಗಳ ನಡುವಿನ ಬಿಸಿಯನ್ನಲ್ಲ. ಅದಕ್ಕೆ ಆಪರೇಟರ್ ಉದ್ದನೆಯ ಥರ್ಮಾಮೀಟರ್ ಚುಚ್ಚಿಯೇ ನೋಡುತ್ತಾನೆ. ಆ ಅಂಕಿ ಲಾಗ್‌ಬುಕ್‌ನಲ್ಲೇ ಇರುತ್ತದೆ. ಗಾಳಿಯ ಅಂಕಿಗೂ ಅದಕ್ಕೂ ತಾಳೆಯಾಗದಿದ್ದರೆ ಮಾತ್ರ ಸಭೆಯ ಹಾಳೆಯಲ್ಲಿ ಒಂದು ಸಾಲು ಸೇರಿಸುತ್ತೇನೆ.