ಮೊಡವೆಗೆ ಅಡಾಪಲೀನ್ ಶುರು ಮಾಡಿಸುವಾಗ ನನ್ನ ಕ್ರಮ

ದಾವಣಗೆರೆಯಲ್ಲಿ ನನ್ನ ಹತ್ತಿರ ಮೊಡವೆಗೆಂದು ಬರುವವರಲ್ಲಿ ಹಾಸ್ಟೆಲ್ ಹುಡುಗರು ಹೆಚ್ಚು. ಹತ್ತೊಂಬತ್ತರ ಒಬ್ಬ ಹುಡುಗನನ್ನೇ ತೆಗೆದುಕೊಳ್ಳಿ: ಹಣೆ ತುಂಬ ಸಣ್ಣ ಬಿಳಿ, ಕಪ್ಪು ಗುಳ್ಳೆ, ಕೆನ್ನೆ ಮೇಲೆ ನಾಲ್ಕಾರು ಕೆಂಪು ಮೊಡವೆ. ಇಂಥವರಿಗೆ ರಾತ್ರಿಗೆ 0.1% ಅಡಾಪಲೀನ್ ಜೆಲ್ ಮಾತ್ರ ಬರೆಯುತ್ತೇನೆ. ಮೊಡವೆಗೆ ಹಚ್ಚುವ ಇನ್ನೊಂದು ಔಷಧಿ ಬೆನ್ಜಾಯಿಲ್ ಪೆರಾಕ್ಸೈಡ್ ಆಮೇಲೆ. ಎರಡನ್ನೂ ಒಟ್ಟಿಗೆ ಶುರು ಮಾಡಿ ಉರಿ ಬಂದರೆ ಯಾವುದರಿಂದ ಬಂತೆಂದು ಹೇಳಲಾಗದು.

ಮೊದಲ ಎರಡು ವಾರ ಮೂರು ದಿನಕ್ಕೊಂದು ರಾತ್ರಿ, ಮುಂದಿನ ಎರಡು ವಾರ ದಿನ ಬಿಟ್ಟು ದಿನ, ತಡೆದುಕೊಂಡರೆ ದಿನಾ. ಮುಖ ತೊಳೆದು, ಒರೆಸಿ, ಕಾಲು ಗಂಟೆ ಬಿಡಬೇಕು, ಒದ್ದೆ ಚರ್ಮಕ್ಕೆ ಉರಿ ಜಾಸ್ತಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಕಣ್ಣಂಚು, ಮೂಗಿನ ಪಕ್ಕದ ಮಡಿಕೆ, ತುಟಿ ಮೂಲೆ ಬಿಡಬೇಕು. ಮೊಡವೆ ಇರುವ ಕಡೆ ಮಾತ್ರ ಚುಕ್ಕಿ ಇಡುವುದು ಎಲ್ಲರೂ ಮಾಡುವ ತಪ್ಪು. ನಾಳೆಯ ಮೊಡವೆ ಕಣ್ಣಿಗೆ ಕಾಣುವ ಮೊದಲೇ ರಂಧ್ರದೊಳಗೆ ಕಟ್ಟಿಕೊಂಡಿರುತ್ತದೆ. ಅಡಾಪಲೀನ್ ಕೆಲಸ ಅಲ್ಲೇ, ಹಾಗಾಗಿ ಇಡೀ ಹಣೆಗೆ ಹಚ್ಚಬೇಕು. ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್. ಒಣ ಚರ್ಮವಿದ್ದರೆ ಜೆಲ್ಲಿಗಿಂತ ಮೊದಲೂ ಒಂದು ತೆಳು ಪದರ.

ಮೊದಲ ಕೆಲವು ವಾರ ಚರ್ಮ ಬಿಗಿಯುವುದು, ಸಿಪ್ಪೆ ಏಳುವುದು ಸಹಜ. ನಮ್ಮ ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಒಳಗಿದ್ದ ಗುಳ್ಳೆಗಳು ಮೇಲೆ ಬಂದು ಕೆಲವರಿಗೆ ಮೊಡವೆ ಜಾಸ್ತಿಯಾದಂತೆಯೂ ಕಾಣುತ್ತದೆ. ಆ ಹುಡುಗ ಮೂರನೇ ವಾರ "ಸಾರ್, ಇದು ನನಗೆ ಆಗಲ್ಲ" ಅಂತ ಬಂದ. ಬರೀ ಮಾಯಿಶ್ಚರೈಸರ್ ಹಚ್ಚಿದರೆ ಉರಿಯುತ್ತದೆಯೇ ಎಂದು ಕೇಳಿದೆ. ಹೌದೆಂದ. ಸಿಪ್ಪೆ ಬರೀ ಒಣಗಿದ್ದಾದರೆ ಮುಂದುವರಿಸಬಹುದು. ಮಾಯಿಶ್ಚರೈಸರ್‌ಗೂ ಉರಿಯುತ್ತಿದ್ದು, ಚರ್ಮ ಕೆಂಪಾಗಿ ಮಿನುಗುತ್ತಿದ್ದರೆ ನಾಲ್ಕೈದು ರಾತ್ರಿ ನಿಲ್ಲಿಸಿ, ಮತ್ತೆ ಮೂರು ದಿನಕ್ಕೊಮ್ಮೆಯಿಂದ ಹೊರಡಬೇಕು. ಸ್ಕ್ರಬ್, ನಿಂಬೆರಸ ಆಗ ಹತ್ತಿರಕ್ಕೂ ಬರಬಾರದು.

ದಿನಾ ಅಡಾಪಲೀನ್ ಒಗ್ಗಿದ ಮೇಲೆ, ಕೆಂಪು ಮೊಡವೆ ಉಳಿದಿದ್ದರೆ ಬೆಳಿಗ್ಗೆ 2.5% ಬೆನ್ಜಾಯಿಲ್ ಪೆರಾಕ್ಸೈಡ್. 10% ಇರುವುದು ಚರ್ಮವನ್ನು ಹೆಚ್ಚು ಒಣಗಿಸುತ್ತದೆ, ಆ ಪ್ರಮಾಣಕ್ಕೆ ಗುಣ ಹೆಚ್ಚುವುದಿಲ್ಲ. ಹತ್ತು ನಿಮಿಷ ಇಟ್ಟು ತೊಳೆದು ಶುರು ಮಾಡಿದರೂ ಆದೀತು. ಬಣ್ಣದ ಟವೆಲ್, ದಿಂಬಿನ ಕವರ್ ಬಿಳಚಿಕೊಳ್ಳುತ್ತವೆ, ಬಿಳಿಯದನ್ನೇ ಬಳಸಿ. ರೆಪ್ಪೆ ಊದಿದರೆ, ತಡೆಯಲಾರದ ತುರಿಕೆ ಬಂದರೆ ಅದು ಒಣಗುವಿಕೆಯಲ್ಲ, ಅಲರ್ಜಿ. ಬಿಟ್ಟು ವೈದ್ಯರನ್ನು ಕಾಣಿ. ಬಿಸಿಲಿಗೆ ಹೊರಡುವವರು ಸನ್‌ಸ್ಕ್ರೀನ್ ಹಚ್ಚಿಕೊಂಡೇ ಹೊರಡಬೇಕು.

ಎಂಟು ವಾರಕ್ಕೆ ಆ ಹುಡುಗನ ಹಣೆ ನುಣುಪಾಗತೊಡಗಿತು. ಔಷಧಿ ಫಲ ಕೊಟ್ಟಿತೋ ಇಲ್ಲವೋ ಎಂಬ ತೀರ್ಮಾನ ಹನ್ನೆರಡು ವಾರಕ್ಕಿಂತ ಮೊದಲು ಮಾಡುವುದಿಲ್ಲ. ಕಪ್ಪು ಕಲೆ ಇನ್ನೂ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ 'ಬೆಳ್ಳಗಾಗುವ' ಕ್ರೀಮ್ ಹಚ್ಚಿದರೆ ಮೊಡವೆ ಮರಳಿ ಬರುತ್ತದೆ, ಅದನ್ನು ಬಿಡಿಸುವುದು ಮೊದಲಿಗಿಂತ ಕಷ್ಟ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಅಡಾಪಲೀನ್ ಹಚ್ಚಬಾರದು.