ಪ್ರವಾಸದ ಖರ್ಚಿನ ಪಾಲನ್ನು ಕೇಳಿದ ಬಗೆ

ಚಿಕ್ಕಮಗಳೂರಿಗೆ ಹೋಗಿದ್ದ ನಮ್ಮ ಆರು ಜನರ ಹೋಂಸ್ಟೇ, ಕಾರು ಹಾಗೂ ಊಟದ ಒಟ್ಟು ಖರ್ಚು 20,400 ರೂಪಾಯಿ ಆಗಿದ್ದು, ಡೀಸೆಲ್‌ಗೆ ಒಬ್ಬ ಗೆಳೆಯ ಕೊಟ್ಟ 1,200 ರೂಪಾಯಿ ಬಿಟ್ಟು ಉಳಿದದ್ದನ್ನು ನಾನೇ ಕಾರ್ಡಿನಿಂದ ಪಾವತಿಸಿದ್ದೆ. ಗುಂಪಿನ ಚಾಟ್‌ನಲ್ಲಿ ಕೇಳಿದಾಗ ಹೆಬ್ಬೆರಳಿನ ಇಮೋಜಿಗಳು ಬಂದವೇ ಹೊರತು ಹಣ ಬರಲಿಲ್ಲ. ಎಲ್ಲರಿಗೂ ಹೇಳಿದ ಮಾತು ತನಗೇ ಹೇಳಿದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದೆ. ಡೀಸೆಲ್ ಹಾಕಿಸಿದವನಿಗೆ ಕಳುಹಿಸಿದ್ದು ಹೀಗಿತ್ತು:

“ತಲಾ 3,400 ಬಂದಿದೆ. ಡೀಸೆಲ್‌ಗೆ ನೀನು ಕೊಟ್ಟ 1,200 ಕಳೆದರೆ ನಿನ್ನದು 2,200. ಬಿಲ್‌ಗಳ ಫೋಟೊ ಜೊತೆಗಿದೆ, ಲೆಕ್ಕ ತಪ್ಪಿದ್ದರೆ ಹೇಳು. ಸೋಮವಾರ ಕಾರ್ಡಿನ ಬಿಲ್ ಕಟ್ಟಬೇಕು, ಶನಿವಾರದೊಳಗೆ ಇದೇ ನಂಬರಿಗೆ ಯುಪಿಐ ಮಾಡುತ್ತೀಯಾ?”

ಅವನು ಕೊಟ್ಟದ್ದನ್ನು ಮೊದಲೇ ಲೆಕ್ಕಕ್ಕೆ ಹಿಡಿದದ್ದರಿಂದ ಮಾತಿನಲ್ಲಿ ವಸೂಲಿಯ ಧಾಟಿ ಉಳಿಯಲಿಲ್ಲ. ಶನಿವಾರದೊಳಗೆ ಎಲ್ಲರ ಹಣವೂ ಬಂದಿತು.