ಬಿಪಿ ಏರಲಿಲ್ಲ, ಕ್ರಿಯಾಟಿನಿನ್ ಏರಿತು

ನನಗೀಗ 46. ಧಾರವಾಡದಲ್ಲಿ ಲೆಕ್ಕಪತ್ರದ ಕೆಲಸ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಕೂತು ಹೋಗುವುದು, ಅಲ್ಲಿ ಕೂತು ದುಡಿಯುವುದು, ಮತ್ತೆ ಕೂತೇ ವಾಪಸ್ಸು. ನಾಲ್ಕು ವರ್ಷದಿಂದ ಬಿಪಿಗೆ ಟೆಲ್ಮಿಸಾರ್ಟಾನ್ ಗುಳಿಗೆ ಇದೆ. ಜಿಮ್ ಸೇರಿದ ಮೇಲೆ ಸ್ನಾಯುಬಲಕ್ಕೆಂದು ತಗೊಳ್ಳುವ ಕ್ರಿಯಾಟಿನ್ ಪುಡಿ ಶುರು ಮಾಡುವ ಮನಸ್ಸಾಯಿತು. ಅದು ಸ್ನಾಯುವಿನೊಳಗೆ ನೀರು ಹಿಡಿದಿಡುತ್ತದೆ ಎಂದು ಗೊತ್ತಿತ್ತು. ನೀರು ನಿಂತರೆ ಬಿಪಿ ಏರೀತೇ ಎಂಬುದೇ ಅಳುಕು.

ಡಾಕ್ಟರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಕಿಡ್ನಿ ಹೇಗಿದೆ ಎಂದು ಅಂದಾಜಿಸಲು ನೋಡುವ ಕ್ರಿಯಾಟಿನಿನ್ 1.0 ಇತ್ತು. ಪುಡಿ ಮುಟ್ಟುವ ಮುಂಚೆ ಒಂದು ವಾರ ಮನೆಯಲ್ಲೇ ಬಿಪಿ ನೋಡಿದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಚಹಾ ಮತ್ತು ಗುಳಿಗೆಗಿಂತ ಮೊದಲು, ಬೆನ್ನು ಆನಿಸಿ ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ. ಸಂಜೆಯೂ ಹಾಗೇ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆದರೆ 128/82 ಬಂತು.

ಆಮೇಲೆ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್. ಮೊದಲ ವಾರ ದಿನಕ್ಕೆ 20 ಗ್ರಾಂ ತುಂಬುವ ಉಸಾಬರಿಗೆ ಹೋಗಲಿಲ್ಲ. ತಿಂಗಳೊಳಗೆ ಸ್ನಾಯು ಹೇಗೂ ತುಂಬಿಕೊಳ್ಳುತ್ತದೆ. ತೂಕ ಒಂದು ಕಿಲೋ ಏರಿತು. ಐದನೇ ವಾರದ ಬಿಪಿ ಸರಾಸರಿ 129/81, ಅಂದರೆ ಇದ್ದಲ್ಲೇ. ನಡುವೆ ಒಂದು ಸಂಜೆ ಮಾತ್ರ 148/94 ಕಂಡು ಎದೆ ಧಸಕ್ಕೆಂದಿತು. ಅವತ್ತು ಜಿಮ್‌ನಲ್ಲಿ ಗೆಳೆಯ ಕುಡಿಸಿದ್ದ ಗುಲಾಬಿ ಬಣ್ಣದ ಪ್ರೀ-ವರ್ಕೌಟ್‌ನ ಡಬ್ಬಿ ತಿರುಗಿಸಿ ನೋಡಿದೆ: ಒಂದು ಚಮಚಕ್ಕೆ 200 ಮಿಲಿಗ್ರಾಂ ಕೆಫೀನ್! ಅದನ್ನು ಬಿಟ್ಟೆ, ಮತ್ತೆ ಅಂಥ ಅಂಕಿ ಬರಲಿಲ್ಲ.

ನಿಜವಾದ ಗಾಬರಿ ಮೂರನೇ ತಿಂಗಳ ರಿಪೋರ್ಟಿನದು. ಕ್ರಿಯಾಟಿನಿನ್ 1.3, ಕಿಡ್ನಿ ಸೋಸುವ ಪ್ರಮಾಣ 94ರಿಂದ 69ಕ್ಕೆ ಇಳಿದಿದೆ ಎಂದು ಅಚ್ಚಾಗಿತ್ತು. ರಾತ್ರಿ ನಿದ್ದೆ ಹತ್ತಲಿಲ್ಲ. ಡಾಕ್ಟರು ನೋಡಿ, "ನಿನ್ನೆ ಏನ್ ಮಾಡಿದ್ರಿ?" ಅಂದರು. ಹಿಂದಿನ ಸಂಜೆ ಜೋರಾಗಿ ಕಾಲಿನ ವ್ಯಾಯಾಮ ಮಾಡಿದ್ದೆ. "ಹಂಗಾದ್ರ ಈ ಅಂಕಿ ಮ್ಯಾಲೆ ಈಗ ಏನೂ ಹೇಳಾಕ ಬರೂದಿಲ್ರಿ" ಅಂದರು.

ಕ್ರಿಯಾಟಿನ್ ಮೈಯಲ್ಲಿ ತಾನಾಗಿ ಕ್ರಿಯಾಟಿನಿನ್ ಆಗುತ್ತದೆ. ಲ್ಯಾಬಿನವರು ಆ ಅಂಕಿಯಿಂದಲೇ ಸೋಸುವ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಹಾಗಾಗಿ ಕಿಡ್ನಿ ಚೆನ್ನಾಗಿದ್ದರೂ ಲೆಕ್ಕ ಕೆಳಗೆ ಬೀಳಬಹುದು. ಜೋರಾದ ವ್ಯಾಯಾಮ, ಟೆಲ್ಮಿಸಾರ್ಟಾನ್ ಕೂಡ ಕ್ರಿಯಾಟಿನಿನ್ ಏರಿಸಬಲ್ಲವು. ಪುಡಿಯ ವಿಷಯ ಗೊತ್ತಿಲ್ಲದ ಬೇರೆ ಡಾಕ್ಟರು ನೋಡಿದ್ದರೆ ತಪ್ಪನ್ನು ಗುಳಿಗೆಯ ತಲೆಗೆ ಕಟ್ಟಿ ಅದನ್ನೇ ನಿಲ್ಲಿಸುತ್ತಿದ್ದರೋ ಏನೋ. ಆಗ ಬಿಪಿ ನಿಜಕ್ಕೂ ಏರುತ್ತಿತ್ತು.

ಡಾಕ್ಟರು ಸ್ನಾಯುವಿನ ಹಂಗಿಲ್ಲದೆ ಕಿಡ್ನಿಯ ಸ್ಥಿತಿ ಹೇಳುವ ಸಿಸ್ಟಾಟಿನ್-ಸಿ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನೂ ಇರಲಿಲ್ಲ. ಆದರೂ ಆರು ವಾರ ಪುಡಿ ನಿಲ್ಲಿಸಿ, ಪರೀಕ್ಷೆಗೆ ಎರಡು ದಿನ ಮುಂಚೆ ಜಿಮ್ಮನ್ನೂ ಬಿಟ್ಟು ನೋಡಿದೆವು. ಕ್ರಿಯಾಟಿನಿನ್ 1.0ಕ್ಕೆ ಇಳಿದಿತ್ತು. ಇಳಿಯದೆ ಹೋಗಿದ್ದರೆ ನನ್ನ ಪಾಲಿಗೆ ಪುಡಿ ಅಲ್ಲಿಗೇ ಮುಗಿಯುತ್ತಿತ್ತು.

ಈಗ ದಿನಕ್ಕೆ 3 ಗ್ರಾಂ. ಲ್ಯಾಬಿಗೆ ಹೋದಾಗ ಚೀಟಿಯ ಮೇಲೆ "ಕ್ರಿಯಾಟಿನ್ ತಗೊಳ್ತಾರೆ" ಎಂದು ನಾನೇ ಬರೆಸುತ್ತೇನೆ.